100 ಟೈರ್ ಒಟ್ಟಿಗೆ ಬದಲಿಸೋದಾ, ಹೋದಹೋದ ಹಾಗೆ ಬದಲಿಸೋದಾ? ತಿಂಗಳ ಖರ್ಚು ನೋಡಿ ಹೇಳಿ

ಹಾಲುದಾರಿ_ಮದ್ದೂರು

ಎಲ್ಲರಿಗೂ ನಮಸ್ಕಾರ. ನಮ್ಮದು 25 ಪಿಕಪ್ ಗಾಡಿ. ಹಳ್ಳಿ ಡೈರಿಗಳಿಂದ ಹಾಲಿನ ಕ್ಯಾನ್ ತುಂಬಿಕೊಂಡು ಶೀತಲ ಕೇಂದ್ರಕ್ಕೆ ಮುಟ್ಟಿಸೋದು ಕೆಲಸ. ಬೆಳಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು. ಒಂದೊಂದು ಗಾಡಿ ತಿಂಗಳಿಗೆ 7,500 ಕಿ.ಮೀ. ಓಡುತ್ತೆ.

ಹೋದ ವರ್ಷ ಎಲ್ಲಾ ಗಾಡಿಗೂ ಒಂದೇ ವಾರದಲ್ಲಿ ಹೊಸ ಟೈರ್ ಹಾಕಿಸಿದೆ, ಒಟ್ಟು 100. ಮೊದಲ ಮೂರು ತಿಂಗಳು ಆರಾಮ. ಐದನೇ ತಿಂಗಳು 31 ಟೈರ್ ಹೋಯ್ತು, ಆರನೇ ತಿಂಗಳು 47. ಬೆಳಗಿನ ಜಾವ ಐದಕ್ಕೆ ಫೋನ್ ಬಂದ್ರೆ ಯಾವ ಗಾಡಿ ಎಲ್ಲಿ ನಿಂತಿದೆಯೋ ಅಂತ ಎದೆ ಧಸಕ್ ಅನ್ನೋದು. ಅದಕ್ಕೇ ಯೋಚನೆ ಬಂತು: ಕೆಟ್ಟಿರಲಿ ಬಿಡಲಿ, ಇಷ್ಟು ತಿಂಗಳಿಗೊಮ್ಮೆ ನೂರೂ ಟೈರ್ ಬದಲಿಸಿಬಿಟ್ರೆ?

ಎರಡು ವರ್ಷದ ರಿಜಿಸ್ಟರ್ ತೆಗೆದು ಕೂತೆ. ಹೊಸದಾಗಿ ಹಾಕಿದ 100 ಟೈರಲ್ಲಿ ಮೊದಲ ತಿಂಗಳು 2 ಹೋಗುತ್ತೆ, ಎರಡನೇ ತಿಂಗಳು 3, ಮೂರನೇದು 5, ನಾಲ್ಕನೇದು 15, ಐದನೇದು 33, ಉಳಿದ 42 ಆರನೇ ತಿಂಗಳು.

ದುಡ್ಡಿನ ಲೆಕ್ಕ: ನೂರು ಒಟ್ಟಿಗೆ ತಗೊಂಡ್ರೆ ಫಿಟ್ಟಿಂಗ್ ಸೇರಿ ಒಂದಕ್ಕೆ ₹5,000. ಒಂದೊಂದೇ ತಗೊಂಡ್ರೆ ಟೈರ್ ₹5,500, ಮೆಕ್ಯಾನಿಕ್ ಹೋಗಿಬರೋದು ₹700, ಹಾಲು ಸಾಗಿಸೋಕೆ ಬದಲಿ ಗಾಡಿ ಬಾಡಿಗೆ ₹1,500, ತಡವಾಗಿ ಹುಳಿ ಬಂದ ಹಾಲಿಗೆ ಕಟ್ ಆಗೋದು ಸರಾಸರಿ ₹1,300. ಒಟ್ಟು ₹9,000.

ಯಾವುದು ಅಗ್ಗ? ಒಟ್ಟಿಗೆ ಅಂದ್ರೆ ಎಷ್ಟು ತಿಂಗಳಿಗೊಮ್ಮೆ?

ಹುಬ್ಬಳ್ಳಿ_ಲಾರಿ

ಇದ್ರಾಗ ಏನ್ ಕಷ್ಟ ಐತ್ರಿ? ನಿಮ್ಮ ಟೈರ್ ಸರಾಸರಿ ಐದು ತಿಂಗಳು ಬಾಳ್ತಾವ. ಐದು ತಿಂಗಳಿಗೊಮ್ಮೆ ಎಲ್ಲಾ ಬದಲಿ ಮಾಡ್ರಿ. ಹೋಲ್‌ಸೇಲ್ ರೇಟ್ ಸಿಗತೈತಿ, ರಸ್ತ್ಯಾಗ ನಿಲ್ಲೋದೂ ತಪ್ಪತೈತಿ.

ತುಮಕೂರು_ಗಣಿತ

@ಹುಬ್ಬಳ್ಳಿ_ಲಾರಿ ಸರ್, ಸರಾಸರಿ ಐದು ಅನ್ನೋದು ಸರಿ, ಐದಕ್ಕೆ ಬದಲಿಸಿ ಅನ್ನೋದು ತಪ್ಪು. ಐದನೇ ತಿಂಗಳು ಮುಗಿಯೋ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಟೈರ್ ರಸ್ತೆಯಲ್ಲೇ ಹೋಗಿರುತ್ತೆ. ಅವಕ್ಕೆಲ್ಲ ₹9,000 ಕೊಟ್ಟಾಗಿದೆ. ಅದರ ಮೇಲೆ ಮೊನ್ನೆ ಹಾಕಿದ ಟೈರನ್ನೂ ಕಿತ್ತು ಇನ್ನೊಮ್ಮೆ ನೂರಕ್ಕೂ ₹5,000 ಕೊಡ್ತೀರಿ. ಎರಡೂ ಕಡೆ ನಷ್ಟ.

ಮದ್ದೂರಿನವರೇ, ನಿಮ್ಮ ಲೆಕ್ಕ ಮಾಡಿದೆ. ಹೋದಹೋದ ಹಾಗೆ ಬದಲಿಸಿದರೆ ಆಯಸ್ಸು ಸರಾಸರಿ 5 ತಿಂಗಳು, ಅಂದರೆ ದೀರ್ಘಕಾಲದಲ್ಲಿ ತಿಂಗಳಿಗೆ 20 ಟೈರ್. 20 × 9,000 = ₹1,80,000.

ಒಟ್ಟಿಗೆ ಬದಲಿಸೋದಾದ್ರೆ ಮಧ್ಯೆ ಎಷ್ಟು ಹೋಗುತ್ತೆ ಅನ್ನೋದು ಬೇಕು. ಮೊದಲ ತಿಂಗಳು 2. ಎರಡನೇ ತಿಂಗಳು ಹಳೇ ನೂರರಲ್ಲಿ 3, ಜೊತೆಗೆ ಮೊದಲ ತಿಂಗಳು ಹಾಕಿದ ಎರಡು ಹೊಸದರಲ್ಲೂ ಚೂರು, ಒಟ್ಟು 3.04. ಹೀಗೇ ಮುಂದೆ ಹೋದರೆ 5.12, 15.29, 33.91, 44.51. ಐದು, ಆರನೇ ತಿಂಗಳಿಗೆ ನೀವು ಕಂಡಿದ್ದು 31, 47. ಹತ್ತಿರ ಹತ್ತಿರ ಕೂತಿದೆ, ಹಾಗಾಗಿ ನಿಮ್ಮ ರಿಜಿಸ್ಟರ್ ನಂಬಬಹುದು.

```python
p = [.02, .03, .05, .15, .33, .42]
N = [100]
for i in range(1, 7):
    N.append(sum(N[i-j]*p[j-1] for j in range(1, min(i, 6)+1)))
c1, c2 = 9000, 5000
for t in range(1, 7):
    print(t, round((100*c2 + c1*sum(N[1:t+1])) / t))
```

ಮೂರು ತಿಂಗಳಿಗೊಮ್ಮೆ ಬದಲಿಸಿದರೆ ತಿಂಗಳಿಗೆ ₹1,97,149. ನಾಲ್ಕಕ್ಕೊಮ್ಮೆ ₹1,82,272. ಐದಕ್ಕೊಮ್ಮೆ ₹2,06,859. ಎಲ್ಲಕ್ಕಿಂತ ಕಡಿಮೆ ನಾಲ್ಕು ತಿಂಗಳದ್ದು. ಆದರೂ ಒಂದೊಂದೇ ಬದಲಿಸೋದಕ್ಕಿಂತ ಎರಡು ಸಾವಿರ ಜಾಸ್ತಿ. ಸದ್ಯಕ್ಕೆ ಈಗಿನ ಪದ್ಧತಿಯೇ ಇರಲಿ ಅಂತ ನನ್ನ ಉತ್ತರ.

ಹುಬ್ಬಳ್ಳಿ_ಲಾರಿ

ಐದಕ್ಕ ಎರಡು ಲಕ್ಷದ ಮ್ಯಾಲ ಹೋಗತೈತಿ ಅಂತ ನಾ ಅಂದುಕೊಂಡಿರಲಿಲ್ಲ. ಒಪ್ಪಿದೆ. ಆದ್ರ ಎರಡು ಸಾವಿರ ಅಂದ್ರ ಏನ್ರಿ, 25 ಗಾಡಿ ಇಟ್ಟವರಿಗೆ ಅದು ಒಂದು ದಿನದ ಡೀಸೆಲ್ ಸುದ್ಧಾ ಅಲ್ಲ.

ಆಲ್ಟೋ_ಅಭಿಮಾನಿ

ನನ್ನ ಕಾರಿನ ಟೈರ್ 40,000 ಕಿ.ಮೀ. ಆಯ್ತು, ಇನ್ನೂ ಚೆನ್ನಾಗಿದೆ. ನಾಲ್ಕೂ ಒಟ್ಟಿಗೆ ಬದಲಿಸಬೇಕಾ ಅಥವಾ ಮುಂದಿನ ಎರಡು ಮಾತ್ರ ಸಾಕಾ?

ತುಮಕೂರು_ಗಣಿತ

@ಆಲ್ಟೋ_ಅಭಿಮಾನಿ ಇಲ್ಲಿ ಕೇಳ್ತಿರೋದು ಬೇರೆ ಸರ್, ನೂರು ಟೈರಿನ ಖರ್ಚಿನ ಲೆಕ್ಕ. ನಿಮ್ಮದಕ್ಕೆ ಬೇರೆ ಪೋಸ್ಟ್ ಹಾಕಿ, ಉತ್ತರ ಕೊಡೋರು ಇದ್ದಾರೆ.

ಸವಿತಾ_ಲೆಕ್ಕಪತ್ರ

ಎರಡು ಸಾವಿರದ ಅಂತರದ ಮೇಲೆ ತೀರ್ಮಾನ ಮಾಡಬೇಡಿ. ನಾನು ಮೂರು ಟ್ರಾನ್ಸ್‌ಪೋರ್ಟ್ ಕಂಪನಿಗಳ ಲೆಕ್ಕ ಬರೆಯುತ್ತೇನೆ, ಈ ಥರದ ಲೆಕ್ಕದಲ್ಲಿ ಒಂದೇ ಒಂದು ಅಂಕಿ ಇಡೀ ಉತ್ತರವನ್ನು ತಿರುಗಿಸುತ್ತದೆ.

ನಾಲ್ಕು ತಿಂಗಳ ಲೆಕ್ಕವನ್ನೇ ತಗೊಳ್ಳಿ. ಒಂದೊಂದೇ ಬದಲಿಸಿದರೆ ನಾಲ್ಕು ತಿಂಗಳಿಗೆ 80 ಟೈರ್. ಒಟ್ಟಿಗೆ ಬದಲಿಸಿದರೆ ಮಧ್ಯೆ 25.45 ಟೈರ್ ದುಬಾರಿ ರೇಟಿಗೆ, ಆಮೇಲೆ 100 ಅಗ್ಗದ ರೇಟಿಗೆ. ಅಂದರೆ 100 ಅಗ್ಗದ ಟೈರಿನ ದುಡ್ಡು 54.55 ದುಬಾರಿ ಟೈರಿಗಿಂತ ಕಡಿಮೆ ಇದ್ದರೆ ಮಾತ್ರ ಒಟ್ಟಿಗೆ ಬದಲಿಸೋದು ಗೆಲ್ಲುತ್ತದೆ. ರಸ್ತೆಯ ಮೇಲಿನ ಖರ್ಚು ₹9,000 ಆದರೆ ಒಟ್ಟು ಖರೀದಿ ರೇಟು ಸುಮಾರು ₹4,909ಕ್ಕಿಂತ ಕೆಳಗಿರಬೇಕು. ನಿಮ್ಮದು ₹5,000. ಡೀಲರ್ ನೂರು ರೂಪಾಯಿ ಬಿಟ್ಟರೆ ಉತ್ತರ ತಿರುಗಿತು. ರಸ್ತೆ ಖರ್ಚು ₹9,500 ಅಂತ ಹಿಡಿದರೂ ತಿರುಗುತ್ತದೆ: ಒಂದೊಂದೇ ₹1,90,000, ಒಟ್ಟಿಗೆ ₹1,85,454.

ಆದ್ದರಿಂದ ಕೇಳಬೇಕಾದ್ದು ಇದು: ಆ ₹9,000 ನಿಜವಾದ ಅಂಕಿಯಾ? ಹುಳಿ ಬಂದ ಹಾಲಿನ ₹1,300 ಎಲ್ಲಿಂದ ತೆಗೆದಿರಿ, ಬಿಲ್ಲಿನಿಂದಲಾ ನೆನಪಿನಿಂದಲಾ?

ಹಾಲುದಾರಿ_ಮದ್ದೂರು

ಬಾಡಿಗೆ ಬಿಲ್ಲಿಂದ, ಮೆಕ್ಯಾನಿಕ್‌ದು ಅವನ ಚೀಟಿಯಿಂದ. ಹಾಲಿಂದು ನೆನಪಿಂದ ಮೇಡಂ, ನಿಜ ಹೇಳ್ಬೇಕು ಅಂದ್ರೆ.

ಡಿಪೊ_ಟೈರ್_ಸೆಕ್ಷನ್

ಬಸ್ ಡಿಪೊದ ಟೈರ್ ಸೆಕ್ಷನ್‌ನಲ್ಲಿ 27 ವರ್ಷ ಇದ್ದು ನಿವೃತ್ತನಾದವನು. ಇಲ್ಲಿ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ.

ಈ ಲೆಕ್ಕದ ಪದ್ಧತಿ ಬೀದಿ ದೀಪದ ಬಲ್ಬಿಗೆ ಸರಿ. ಬಲ್ಬ್ ಹೇಳದೆ ಕೇಳದೆ ಹೋಗುತ್ತದೆ. ಏಣಿ ಹಾಕಿ ಹತ್ತುವ ಕೂಲಿ ಬಲ್ಬಿನ ಬೆಲೆಗಿಂತ ಜಾಸ್ತಿ, ಆದ್ದರಿಂದ ಹತ್ತಿದಾಗ ಎಲ್ಲವನ್ನೂ ಬದಲಿಸಿ ಇಳಿಯುವುದು ಲಾಭ. ಟೈರ್ ಹಾಗಲ್ಲ. ಖರ್ಚಿನ ಬಹುಪಾಲು ಟೈರಿನದೇ, ಕೂಲಿ ಸಣ್ಣದು. ಮೇಲಾಗಿ ಟೈರ್ ಸವೆಯುವುದು ಕಣ್ಣಿಗೆ ಕಾಣುತ್ತದೆ. ಟೈರಿನ ಗುಂಡಿಯ, ಅಂದರೆ ಮೇಲಿನ ಗೀರುಗಳ ಆಳ ಅಳೆಯುವ ಗೇಜ್ ಒಂದು ಇಟ್ಟುಕೊಂಡು ವಾರಕ್ಕೊಮ್ಮೆ ನೂರು ಟೈರ್ ನೋಡಲು ಒಬ್ಬ ಹುಡುಗನಿಗೆ ಅರ್ಧ ದಿನ ಸಾಕು. ಕಾನೂನಿನ ಪ್ರಕಾರ 1.6 ಮಿ.ಮೀ. ಕೆಳಗೆ ಓಡಿಸುವ ಹಾಗಿಲ್ಲ. ಹಾಲಿನ ಗಾಡಿ ಆದ್ದರಿಂದ ನಾನಾಗಿದ್ದರೆ 2.5ಕ್ಕೇ ಇಳಿಸುತ್ತಿದ್ದೆ.

ನಿಮ್ಮ ಅಂಕಿಗಳಲ್ಲಿ ಎರಡು ಬಗೆಯ ಸಾವು ಬೆರೆತಿದೆ. ಮೊದಲ ಮೂರು ತಿಂಗಳ 2, 3, 5 ಇವುಗಳಲ್ಲಿ ಹೆಚ್ಚಿನವು ಮೊಳೆ, ಕಲ್ಲಿನ ಏಟು, ಸೈಡ್‌ವಾಲ್ ಕಟ್. ಇದಕ್ಕೆ ಹೊಸ ಟೈರ್, ಹಳೇ ಟೈರ್ ಎಂಬ ಭೇದ ಹೆಚ್ಚಿಲ್ಲ. ನಾಲ್ಕು ತಿಂಗಳಿಗಲ್ಲ, ನಾಲ್ಕು ವಾರಕ್ಕೊಮ್ಮೆ ಎಲ್ಲ ಬದಲಿಸಿದರೂ ಮೊಳೆ ಬಿಡುವುದಿಲ್ಲ. ನಾಲ್ಕನೇ ತಿಂಗಳಿನಿಂದ ಏರುವುದು ಸವೆತ. ಒಟ್ಟು ಬದಲಾವಣೆ ತಡೆಯಬಲ್ಲದ್ದು ಇದನ್ನು ಮಾತ್ರ, ಗೇಜ್ ಕೂಡ ತಡೆಯುವುದು ಇದನ್ನೇ.

ಈಗ ನನ್ನ ಪ್ರಶ್ನೆ. ಐದು, ಆರನೇ ತಿಂಗಳು ಹೋದ 78 ಟೈರಲ್ಲಿ ರಸ್ತೆಯಲ್ಲಿ ಒಡೆದದ್ದು ಎಷ್ಟು, ಶೆಡ್ಡಿನಲ್ಲಿ ಬೋಳಾಗಿದೆ ಎಂದು ನೀವೇ ಇಳಿಸಿದ್ದು ಎಷ್ಟು? ಶೆಡ್ಡಿನಲ್ಲಿ ಇಳಿಸಿದ್ದಕ್ಕೆ ಬದಲಿ ಗಾಡಿಯೂ ಇಲ್ಲ, ಹುಳಿ ಹಾಲೂ ಇಲ್ಲ.

ಕುಡ್ಲ_ಬಸ್

ಡಿಪೊದವರು ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ಮಳೆಗಾಲದಲ್ಲಿ ನಮ್ಮಲ್ಲಿ ಮೊಳೆಗಿಂತ ಹೊಂಡದ ಏಟು ಜಾಸ್ತಿ. ಹೊಸ ಟೈರ್ ಹಾಕಿ ಹತ್ತು ದಿನಕ್ಕೆ ಸೈಡ್ ಹರಿದದ್ದು ಉಂಟು.

ಇನ್ನೊಂದು, ಸ್ಟೆಪ್ನಿ ಇರುವಾಗ ಪ್ರತೀ ಸಲ ಬದಲಿ ಗಾಡಿ ಯಾಕೆ? ಅರ್ಧ ಗಂಟೆಯಲ್ಲಿ ಡ್ರೈವರ್ ಬದಲಿಸಿ ಹೊರಡುದಿಲ್ವಾ?

ಹಾಲುದಾರಿ_ಮದ್ದೂರು

@ಕುಡ್ಲ_ಬಸ್ ಸ್ಟೆಪ್ನಿ ಇದೆ ಅಣ್ಣ, ಅದೂ ಎಷ್ಟೋ ಸಲ ಬೋಳು. ಗಾಡಿ ತುಂಬಾ ಕ್ಯಾನ್ ಇದ್ದಾಗ ಗದ್ದೆ ಬದಿ ಮೆತ್ತನೆ ಮಣ್ಣಲ್ಲಿ ಜಾಕ್ ಕೂರಲ್ಲ, ಹಲಗೆ ಕೊಟ್ರೂ ಒಳಗಿಳಿಯುತ್ತೆ. ಮೊದಲು ಕ್ಯಾನ್ ಇಳಿಸಬೇಕು. ಒಬ್ಬನೇ ಡ್ರೈವರ್ ಆದ್ರೆ ಒಂದೂವರೆ ಗಂಟೆ. ಬೇಸಿಗೇಲಿ ಹಾಲು ಅಷ್ಟು ಹೊತ್ತು ಕಾಯಲ್ಲ.

@ಡಿಪೊ_ಟೈರ್_ಸೆಕ್ಷನ್ ಸಾರ್, ರಾತ್ರಿ ಕೂತು ರಿಜಿಸ್ಟರ್ ಮತ್ತೆ ನೋಡಿದೆ. 'ಜಾಗ' ಅಂತ ಒಂದು ಕಾಲಂ ಇದೆ, ನಮ್ಮ ಹುಡುಗ ಬರೆದಿಟ್ಟಿದ್ದಾನೆ, ನಾನು ಅದನ್ನ ಯಾವತ್ತೂ ಕೂಡಿ ನೋಡಿರಲಿಲ್ಲ. ಒಟ್ಟು ನೋಡಿದ್ರೆ ನೂರಕ್ಕೆ 60 ರಸ್ತೆಯಲ್ಲಿ, 40 ಶೆಡ್ಡಲ್ಲಿ. ಎಲ್ಲಕ್ಕೂ ₹9,000 ಹಿಡಿದಿದ್ದು ನನ್ನ ತಪ್ಪು.

ಸವಿತಾ_ಲೆಕ್ಕಪತ್ರ

ಹಾಗಾದರೆ ಸರಾಸರಿ ಖರ್ಚು ₹9,000 ಅಲ್ಲ. ಅರವತ್ತಕ್ಕೆ ₹9,000, ನಲವತ್ತಕ್ಕೆ ಬರೀ ಟೈರ್ ₹5,500. ಒಂದಕ್ಕೆ ₹7,600 ಬೀಳುತ್ತದೆ. ಒಂದೊಂದೇ ಬದಲಿಸಿದರೆ ತಿಂಗಳಿಗೆ ₹1,52,000. ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಅಂದರೆ ₹1,73,363. ಇನ್ನು ಇದು ಎರಡು ಸಾವಿರದ ಮಾತಲ್ಲ, ಇಪ್ಪತ್ತೊಂದು ಸಾವಿರದ್ದು.

ಹುಬ್ಬಳ್ಳಿ_ಲಾರಿ

ತಡೀರಿ, ತಡೀರಿ. ಎಲ್ಲಾರೂ ಒಂದು ಮರತೀರಿ. ನಾಲ್ಕನೇ ತಿಂಗಳದಾಗ ಹೋಗೋ 15 ಟೈರಿಗೆ ಹೊಸಾವ್ ಯಾಕ ಹಾಕ್ತೀರಿ? ತಿಂಗಳ ಕೊನೀಗೆ ಎಲ್ಲಾ ಕಿತ್ತು ಹಾಕೋರು ನೀವು. ಹದಿನೈದು ದಿನದ ಸಲುವಾಗಿ ಐದೂವರೆ ಸಾವಿರದ ಟೈರ್ ಹಾಕಿದ್ರ ಅದು ದಂಡ. ಹೋದ ಸರ್ತಿ ಕಿತ್ತಿದ್ದರಾಗ ಚಲೋ ಇದ್ದಾವನ್ನ ತೆಗೆದಿಟ್ಟು ಅದನ್ನ ಹಾಕ್ರಿ. ನಾವು ಲಾರಿಗೆ ಹಂಗ ಮಾಡ್ತೀವಿ.

ತುಮಕೂರು_ಗಣಿತ

ಹುಬ್ಬಳ್ಳಿಯವರೇ, ಇದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು, ಒಪ್ಪಿಕೊಳ್ತೀನಿ. ಪುಸ್ತಕದ ಪದ್ಧತಿಯಲ್ಲಿ ಕೊನೆಯ ತಿಂಗಳಲ್ಲೂ ಹೊಸದನ್ನೇ ಹಾಕ್ತೀವಿ. ಅಲ್ಲಿ ಹಳೇ ಬಲ್ಬಿಗೆ ಬೆಲೆಯಿಲ್ಲ.

ಮತ್ತೆ ಹಾಕಿದೆ. ಮೊದಲ ಮೂರು ತಿಂಗಳ 10.16 ಟೈರಿಗೆ ₹7,600. ನಾಲ್ಕನೇ ತಿಂಗಳ 15.29ಕ್ಕೆ ಟೈರಿನ ಬೆಲೆ ಇಲ್ಲ, ನಿಂತ ಖರ್ಚು ಸರಾಸರಿ ₹2,100 ಮಾತ್ರ. ಜೊತೆಗೆ ಒಟ್ಟು ಖರೀದಿ ಐದು ಲಕ್ಷ. ನಾಲ್ಕರಿಂದ ಭಾಗಿಸಿದರೆ ತಿಂಗಳಿಗೆ ₹1,52,335.

ಒಂದೊಂದೇ ಬದಲಿಸಿದರೆ ₹1,52,000. ಮೂರು ನೂರ ಮೂವತ್ತೈದು ರೂಪಾಯಿ ವ್ಯತ್ಯಾಸ! ನಾನು ಎರಡು ಸಲ ಕೂಡಿ ನೋಡಿದೆ.

ಹುಬ್ಬಳ್ಳಿ_ಲಾರಿ

ನೋಡ್ರಿ, ಹೇಳಲಿಲ್ಲೇನು!

ಡಿಪೊ_ಟೈರ್_ಸೆಕ್ಷನ್

ಆ ಹಳೇ ಟೈರನ್ನು ಆರಿಸುವಾಗ ಹುಷಾರು. ನಾಲ್ಕು ತಿಂಗಳು ದಾಟಿದ 75ರಲ್ಲಿ 33 ಮುಂದಿನ ತಿಂಗಳೇ ಹೋಗುತ್ತವೆ ಎಂದು ಇವರ ರಿಜಿಸ್ಟರೇ ಹೇಳುತ್ತದೆ. ನೂರಕ್ಕೆ 44. ಕಣ್ಣು ಮುಚ್ಚಿ ಹದಿನೈದು ಎತ್ತಿಟ್ಟರೆ ಅದೇ ಗಾಡಿ ಅದೇ ತಿಂಗಳು ಇನ್ನೊಮ್ಮೆ ನಿಲ್ಲುತ್ತದೆ. ಗೇಜ್ ಹಾಕಿ ಗುಂಡಿ ಹೆಚ್ಚು ಉಳಿದವನ್ನು, ಒಳಗೆ ಕೈ ಆಡಿಸಿ ಉಬ್ಬು ಇಲ್ಲದವನ್ನು ಮಾತ್ರ ಇಡಿ. ಸಾಧ್ಯವಾದರೆ ಎರಡು, ಮೂರನೇ ತಿಂಗಳು ಹಾಕಿದ್ದನ್ನೇ ಇಡಿ. ಅವಕ್ಕೆ ಆಯಸ್ಸು ಬಾಕಿ ಇದೆ.

ಇನ್ನು, ಒಂದೊಂದೇ ಬದಲಿಸುವ ಕಡೆಯ ₹1,52,000 ಗೇಜ್ ಇಲ್ಲದೆ ಬಂದ ಅಂಕಿ. ವಾರಕ್ಕೊಮ್ಮೆ ನೋಡಲು ಶುರು ಮಾಡಿದರೆ ಅರವತ್ತು ರಸ್ತೆ, ನಲವತ್ತು ಶೆಡ್ಡು ಎನ್ನುವುದು ತಿರುಗುಮುರುಗಾದೀತು. ಆಗ ಒಂದರ ಖರ್ಚು ₹6,900, ತಿಂಗಳಿಗೆ ₹1,38,000.

ತುಮಕೂರು_ಗಣಿತ

ಆದರೆ ಸರ್, ಗೇಜ್ ನೋಡಿ ಮೊದಲೇ ಇಳಿಸಿದರೆ ಟೈರಿನ ಆಯಸ್ಸೂ ಕಡಿಮೆಯಾಗುತ್ತೆ. 2.5 ಮಿ.ಮೀ.ಗೇ ಇಳಿಸಿ ಸರಾಸರಿ ಐದು ತಿಂಗಳು ನಾಲ್ಕೂವರೆಗೆ ಬಂದರೆ ತಿಂಗಳಿಗೆ 20 ಅಲ್ಲ, 22 ಚಿಲ್ಲರೆ ಟೈರ್. 22.2 × 6,900 ಅಂದರೆ ಸುಮಾರು ₹1,53,000. ಉಳಿತಾಯ ಎಲ್ಲಾ ಹೋಯ್ತು.

ಡಿಪೊ_ಟೈರ್_ಸೆಕ್ಷನ್

ನಾಲ್ಕೂವರೆಗೆ ಇಳಿಯುವುದಿಲ್ಲ. ಕೊನೆಯ ಒಂದು ಮಿ.ಮೀ. ಅರ್ಧ ತಿಂಗಳು ಓಡುತ್ತದೆ ಎಂದು ಯಾರು ಹೇಳಿದರು?

ತುಮಕೂರು_ಗಣಿತ

ಹೊಸದರಲ್ಲಿ 9 ಮಿ.ಮೀ. ಇದೆ ಅಂತ ಇಟ್ಟುಕೊಳ್ಳಿ, 1.6ಕ್ಕೆ ಬರೋಕೆ ಐದು ತಿಂಗಳು. ತಿಂಗಳಿಗೆ ಒಂದೂವರೆ ಮಿ.ಮೀ. ಸವೆತ. 2.5ರಿಂದ 1.6ಕ್ಕೆ 18 ದಿನ. ಅರ್ಧ ತಿಂಗಳಿಗಿಂತ ಜಾಸ್ತಿಯೇ ಆಯ್ತಲ್ಲ ಸರ್?

ಡಿಪೊ_ಟೈರ್_ಸೆಕ್ಷನ್

ಇವರ ಟೈರ್ 1.6ಕ್ಕೆ ನಿಲ್ಲುತ್ತಿದೆ ಎಂದು ನೀವು ಹಿಡಿದಿದ್ದೀರಿ. ಬೋಳು ಎಂದು ಅವರೇ ಬರೆದಿದ್ದಾರೆ, ಅಂದರೆ ಕಾನೂನು ದಾಟಿಯೂ ಓಡಿದೆ. ಆ ದಿನಗಳನ್ನು ಆಯಸ್ಸಿನಲ್ಲಿ ಎಣಿಸಬಾರದು, ಅದು ಎಣಿಸುವ ಆಯಸ್ಸೇ ಅಲ್ಲ. ಹಾಗೆ ನೋಡಿದರೆ ಇವರ ಐದು ತಿಂಗಳೇ ಸ್ವಲ್ಪ ಉಬ್ಬಿದ ಅಂಕಿ. ಎರಡೂ ಪದ್ಧತಿಗೆ ಅಂಕಿ ಹೊಸದಾಗಿ ತೆಗೆಯಬೇಕು.

ಕುಡ್ಲ_ಬಸ್

ಇದಕ್ಕೆಲ್ಲ ಮೊದಲು ಗಾಳಿ ನೋಡಿ ಮಾರಾಯ್ರೆ. 37,500 ಕಿ.ಮೀ.ಗೆ ಪಿಕಪ್ ಟೈರ್ ಮುಗಿಯುದು ಬೇಗ ಆಯ್ತು ಅಂತ ನನಗೆ ಕಾಣ್ತದೆ. ಎರಡೂ ಅಂಚು ಸವೆದಿದ್ರೆ ಗಾಳಿ ಕಡಿಮೆ, ಒಂದೇ ಅಂಚು ಸವೆದಿದ್ರೆ ಅಲೈನ್‌ಮೆಂಟ್.

ಹಾಲುದಾರಿ_ಮದ್ದೂರು

@ಕುಡ್ಲ_ಬಸ್ ಹಿಂದಿನ ಟೈರಿನ ಎರಡೂ ಅಂಚು ಸವೆದಿರುತ್ತೆ ಅಣ್ಣ. ಇವತ್ತೇ ಗಾಳಿ ನೋಡಿಸ್ತೀನಿ.

ಸವಿತಾ_ಲೆಕ್ಕಪತ್ರ

ಇನ್ನೊಂದು ವಿಷಯ. ಒಟ್ಟಿಗೆ ಬದಲಿಸಿದರೆ ನಾಲ್ಕು ತಿಂಗಳಿಗೊಮ್ಮೆ ಒಂದೇ ದಿನ ಐದು ಲಕ್ಷ ಕೊಡಬೇಕು. ಹಾಲಿನ ಬಾಡಿಗೆ ಬಿಲ್ಲು ಎಷ್ಟು ದಿನಕ್ಕೆ ಪಾಸಾಗುತ್ತದೆ? ಸಾಲ ತೆಗೆದು ಟೈರ್ ಹಾಕಿದರೆ ಬಡ್ಡಿಯೂ ತಿಂಗಳ ಖರ್ಚಿಗೆ ಸೇರಬೇಕು.

ಹಾಗೇ, ಒಂದೊಂದೇ ಬದಲಿಸಿದರೆ ತಿಂಗಳಿಗೆ 20 ಎಂದುಕೊಂಡು ನಿಶ್ಚಿಂತೆಯಾಗಿ ಇರಬೇಡಿ. ತುಮಕೂರಿನವರ ಕೋಡನ್ನೇ ಆರು ತಿಂಗಳಾಚೆಗೂ ಲೆಕ್ಕ ಹಾಕಿ ನೋಡಿದೆ. ಆರನೇ ತಿಂಗಳು 45 ಆದಮೇಲೆ ಏಳನೇ ತಿಂಗಳು 5, ಎಂಟಕ್ಕೆ 8, ಒಂಬತ್ತಕ್ಕೆ 15, ಹತ್ತಕ್ಕೆ 25, ಹನ್ನೊಂದಕ್ಕೆ 31. ಎಲ್ಲವನ್ನೂ ಒಂದೇ ವಾರ ಹಾಕಿದ್ದರಿಂದ ಎಲ್ಲವೂ ಒಟ್ಟಿಗೆ ಮುದಿಯಾಗುತ್ತವೆ. ಈ ಅಲೆ ತಣ್ಣಗಾಗಿ 20ಕ್ಕೆ ಬರಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು. ನಿಮಗೆ ನಿದ್ದೆ ಕೆಡಿಸಿದ್ದು ಈ ಅಲೆ.

ಹಾಲುದಾರಿ_ಮದ್ದೂರು

ಹೌದು ಮೇಡಂ, ಏಳನೇ ತಿಂಗಳು ಆರೇ ಟೈರ್ ಹೋಗಿದ್ದು. ನಾನು ಕಂಪನಿ ಬದಲಿಸಿದ್ದಕ್ಕೆ ಟೈರ್ ಚೆನ್ನಾಗಿ ಬಂತು ಅಂದುಕೊಂಡಿದ್ದೆ. ಬಿಲ್ಲು ಪಾಸಾಗೋಕೆ 45 ದಿನ ಆಗುತ್ತೆ. ಐದು ಲಕ್ಷ ಒಂದೇ ಸಲ ಕಷ್ಟ.

ಈಗ ಹೀಗೆ ಮಾಡ್ತೀನಿ. ನಾಗಮಂಗಲ ಕಡೆ ಹೋಗೋ 8 ಗಾಡಿ ನಿಂತ್ರೆ ಬದಲಿ ಗಾಡಿ ಸಿಗೋದೇ ಒಂದು ಗಂಟೆ, ಅಲ್ಲಿ ಒಂದು ಸಲ ನಿಂತ್ರೆ ₹9,000 ಅಲ್ಲ, ಇನ್ನೂ ಜಾಸ್ತಿ ಬೀಳುತ್ತೆ. ಆ 32 ಟೈರ್ ಮಾತ್ರ ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಬದಲಿಸ್ತೀನಿ. ಅಲ್ಲಿಂದ ಇಳಿಸಿದ್ರಲ್ಲಿ ಗೇಜಿಗೆ ಪಾಸಾದವು ಊರ ಹತ್ತಿರದ 17 ಗಾಡಿಗೆ ಸ್ಟೆಪ್ನಿ. ಆ ಹದಿನೇಳಕ್ಕೆ ಪ್ರತಿ ಭಾನುವಾರ ಗೇಜು.

ಹುಬ್ಬಳ್ಳಿ_ಲಾರಿ

32 ಟೈರಿಗೆ ₹5,000 ರೇಟ್ ಕೊಡ್ತಾನೇನ್ರಿ ಡೀಲರ್?

ಹಾಲುದಾರಿ_ಮದ್ದೂರು

ಫೋನ್ ಮಾಡಿದ್ದೆ. ₹5,150 ಅಂತಾನೆ.

ಸವಿತಾ_ಲೆಕ್ಕಪತ್ರ

ಹಾಗಾದರೆ ಆ 8 ಗಾಡಿಯ ಅಂಕಿ ಬೇರೆ ಬರೆದಿಡಿ, ಹಾಲು ಕಟ್ ಆದದ್ದನ್ನು ಬಿಲ್ಲಿನಿಂದಲೇ ಬರೆಯಿರಿ. ನಾಲ್ಕು ತಿಂಗಳಾದ ಮೇಲೆ ಇಲ್ಲೇ ಹಾಕಿ, ಕೂತು ನೋಡೋಣ.

ಡಿಪೊ_ಟೈರ್_ಸೆಕ್ಷನ್

'ಜಾಗ' ಕಾಲಂ ಪಕ್ಕ ಇನ್ನೊಂದು ಕಾಲಂ ಹಾಕಿಸಿ: ಮೊಳೆಯೋ ಸವೆತವೋ. ಇಳಿಸಿದಾಗ ಗುಂಡಿ ಎಷ್ಟು ಮಿ.ಮೀ. ಇತ್ತು ಎಂಬುದೂ ಇರಲಿ. ಆ ಹುಡುಗನೇ ಬರೆಯಲಿ, ಅವನ ಕೈ ಬರಹ ನಂಬುವಂಥದ್ದು.

ಆಲ್ಟೋ_ಅಭಿಮಾನಿ

ಆ ಗೇಜ್ ಎಲ್ಲಿ ಸಿಗುತ್ತೆ?

ಕುಡ್ಲ_ಬಸ್

ಟೈರ್ ಅಂಗಡಿಯಲ್ಲೇ ಕೇಳಿ, ಕೊಡ್ತಾರೆ.